ಹಳೇ ಕ್ರಯಪತ್ರದ ಫೋಟೊದಲ್ಲಿ ೬ ಯಾವುದು, ೯ ಯಾವುದು?

ಕೋಲಾರದ ಕಡೆಯ ಹಳೇ ಕ್ರಯಪತ್ರಗಳ ಫೋಟೊ ಓದುವವರಿಗೆ ಒಂದು ಸಲಹೆ. ಕಂದಾಗಿ ಮಾಸಿದ ಶಾಯಿಗೆ ಫೋಟೊದ ನೀಲಿ ಚಾನೆಲ್ ಮಾತ್ರ ಕಪ್ಪು-ಬಿಳುಪಾಗಿ ನೋಡಿ. ಕಂದು ಬಣ್ಣ ನೀಲಿ ಬೆಳಕನ್ನು ಹೀರುವುದರಿಂದ ಅಕ್ಷರ ಗಾಢವಾಗುತ್ತದೆ. ಕಾಗದವೂ ಹಳದಿಯಾಗಿದ್ದರೆ ಲಾಭ ಕಡಿಮೆ. ಕಾಂಟ್ರಾಸ್ಟ್ ವಿಪರೀತ ಏರಿಸಬೇಡಿ, ಮಡಿಕೆಯ ಗೆರೆಯೂ ಅಕ್ಷರದ ಕೊಂಬಿನಂತೆ ಕಾಣುತ್ತದೆ.

ನಿಜವಾದ ತೊಡಕು ಅಂಕಿಗಳದು. ಬಾಲ ಅಳಿಸಿದರೆ ೬, ೯ ಒಂದೇ ಥರ. ಇಸವಿ ೧೯೨೬ ಅಥವಾ ೧೯೨೯ ಅಂತ ಅನುಮಾನವಿದ್ದರೆ ಸಂವತ್ಸರ ನೋಡಿ: 1926ರ ಯುಗಾದಿಯಿಂದ ಕ್ಷಯ (ಅಕ್ಷಯ ಎಂದೂ ಬರೆಯುತ್ತಾರೆ), 1929ರ ಯುಗಾದಿಯಿಂದ ಶುಕ್ಲ. ಜನವರಿಯಿಂದ ಯುಗಾದಿವರೆಗಿನ ಪತ್ರಕ್ಕೆ ಹಿಂದಿನ ಸಂವತ್ಸರವೇ. ಆದರೆ ಬರೀ ‘ಶು॥’ ಅಂತಿದ್ದರೆ ಅದು ಶುಕ್ಲ ಪಕ್ಷವೂ ಇರಬಹುದು, ಹಾಗಿದ್ದಲ್ಲಿ ‘೧೯೨[೬/೯?]’ ಅಂತಲೇ ಬರೆದಿಡಿ.