ಬಸುರಿಗೆ ರಕ್ತದ ಕಲೆ ಕಂಡರೆ ಡಾಕ್ಟರು ಏನೇನು ನೋಡುತ್ತಾರೆ?

ಕೊನೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಆರು ವಾರ, ಎರಡು ದಿನ. ಬೆಳಿಗ್ಗೆ ನೋಡಿದರೆ ಬಟ್ಟೆಯಲ್ಲಿ ಕಂದು ಕಲೆ. ಕಿಬ್ಬೊಟ್ಟೆಯಲ್ಲಿ ಮುಟ್ಟಿನ ಹೊತ್ತಿನಂಥದೇ ಸೆಳೆತ. ಇಂಥ ಒಬ್ಬ ಹೆಣ್ಣುಮಗಳು ಆಸ್ಪತ್ರೆಗೆ ಹೋದಳು ಅಂದುಕೊಳ್ಳಿ.

ಹೊರಡುವ ಮೊದಲು ಪ್ಯಾಡ್ ಹಾಕಿಕೊಳ್ಳಬೇಕು. ಎಷ್ಟು ಹೊತ್ತಿಗೆ ಎಷ್ಟು ನೆನೆಯಿತು ಅನ್ನುವುದೇ ಡಾಕ್ಟರ ಮೊದಲ ಪ್ರಶ್ನೆ. ಗಂಟೆಗೊಂದು ಪ್ಯಾಡ್ ಪೂರ್ತಿ ನೆನೆಯುತ್ತಿದ್ದರೆ, ಒಂದೇ ಪಕ್ಕ ಜೋರು ನೋವಿದ್ದರೆ, ತಲೆಸುತ್ತು ಅಥವಾ ಭುಜದ ತುದಿಯಲ್ಲಿ ನೋವು ಬಂದರೆ ಕಾಯಲೇಬಾರದು, 108ಕ್ಕೆ ಫೋನ್ ಮಾಡಿ. ಗರ್ಭ ಗರ್ಭಕೋಶದ ಬದಲು ನಳಿಕೆಯಲ್ಲಿ ಕೂತು, ಆ ನಳಿಕೆ ಒಡೆದಿರಬಹುದು. ಆಗ ಹೊರಗೆ ಕಾಣುವ ರಕ್ತ ಕಡಿಮೆಯೇ ಇದ್ದರೂ ಹೊಟ್ಟೆಯೊಳಗೆ ಜಾಸ್ತಿ ಸುರಿಯುತ್ತಿರುತ್ತದೆ.

ನಾಡಿ, ಬಿಪಿ ನೋಡಿದ ಮೇಲೆ ಗರ್ಭಕೋಶದ ಬಾಯಿ ನೋಡುತ್ತಾರೆ. ಅದು ಮುಚ್ಚಿದ್ದು, ಗರ್ಭ ಒಳಗೇ ಇದ್ದರೆ ಚೀಟಿಯಲ್ಲಿ ‘ಥ್ರೆಟನ್ಡ್ ಅಬಾರ್ಷನ್’ ಅಂತ ಬರೆಯುತ್ತಾರೆ. ಆ ಪದ ಓದಿ ಮನೆಯವರೆಲ್ಲ ಅಳಲು ಶುರುಮಾಡುವುದುಂಟು. ಅದರ ಅರ್ಥ ಗರ್ಭ ಹೋಯಿತು ಅಂತಲ್ಲ. ರಕ್ತ ಕಂಡಿದೆ, ಗರ್ಭ ಇನ್ನೂ ನಿಂತಿದೆ ಅಂತ. ಬಾಯಿ ತೆರೆದುಕೊಂಡಿದ್ದರೆ ಮಾತ್ರ ಉಳಿಯುವುದು ಕಷ್ಟ.

ಆಮೇಲೆ ಸ್ಕ್ಯಾನ್. ಇಷ್ಟು ಎಳೆಯ ಗರ್ಭ ಹೊಟ್ಟೆ ಮೇಲಿನಿಂದ ಸರಿಯಾಗಿ ಕಾಣದು, ಹಾಗಾಗಿ ಯೋನಿಯ ಮೂಲಕ ಮಾಡುತ್ತಾರೆ. ನಮ್ಮ ಹೆಣ್ಣುಮಗಳಿಗೆ ಗರ್ಭಕೋಶದೊಳಗೇ ಚೀಲ ಕಂಡಿತು, 3 ಮಿಲಿಮೀಟರ್ ಭ್ರೂಣವೂ ಕಂಡಿತು. ಎದೆಬಡಿತ ಮಾತ್ರ ಇಲ್ಲ. ಎಡವುವುದು ಇಲ್ಲಿಯೇ. 7 ಮಿಲಿಮೀಟರ್ ತಲುಪುವ ಮುಂಚೆ ಬಡಿತ ಕಾಣಲಿಲ್ಲ ಅಂತ ಗರ್ಭ ಹೋಯಿತು ಎಂದು ಹೇಳುವ ಹಾಗಿಲ್ಲ. ಮುಟ್ಟು ತಡವಾಗಿ ಬರುವವರಲ್ಲಿ ತಾರೀಕಿನ ಲೆಕ್ಕವೇ ನಾಲ್ಕಾರು ದಿನ ತಪ್ಪಿರುತ್ತದೆ. ಆದ್ದರಿಂದ ಹತ್ತು ದಿನ ಬಿಟ್ಟು ಮತ್ತೆ ಬರಲು ಹೇಳಿದರು. ಮೊದಲ ದಿನವೇ ‘ಕ್ಲೀನ್ ಮಾಡಿಸಿ’ ಅಂದರೆ ಇನ್ನೊಬ್ಬ ಡಾಕ್ಟರನ್ನು ಕೇಳುವುದರಲ್ಲಿ ತಪ್ಪಿಲ್ಲ.

ಸ್ಕ್ಯಾನಿನಲ್ಲಿ ಚೀಲವೇ ಕಾಣದಿದ್ದರೆ ಬಸಿರಿನ ಹಾರ್ಮೋನು ಅಳೆಯುವ ಬೀಟಾ ಎಚ್‌ಸಿಜಿ ರಕ್ತಪರೀಕ್ಷೆ ಮಾಡಿ, 48 ಗಂಟೆ ಬಿಟ್ಟು ಇನ್ನೊಮ್ಮೆ ಮಾಡುತ್ತಾರೆ. ಒಂದೇ ಸಲದ ಅಂಕಿಯಿಂದ ತಿಳಿಯುವುದು ಕಡಿಮೆ, ಅದು ಏರುವ ರೀತಿ ನೋಡಬೇಕು. ರಕ್ತದ ಗುಂಪನ್ನೂ ಕೇಳುತ್ತಾರೆ. ನೆಗೆಟಿವ್ ಆಗಿದ್ದರೆ, ಮಗುವಿನ ರಕ್ತದ ವಿರುದ್ಧ ತಾಯಿಯ ಮೈ ತಿರುಗಿ ಬೀಳದಂತೆ ತಡೆಯುವ ಆಂಟಿ-ಡಿ ಇಂಜೆಕ್ಷನ್ ಬೇಕಾ ಅಂತ ಯೋಚಿಸುತ್ತಾರೆ. ತಾಯಿ ಕಾರ್ಡ್ ಮರೆಯದೆ ಒಯ್ಯಿರಿ.

ಮನೆಯಲ್ಲಿ ‘ಮಂಚ ಬಿಟ್ಟು ಇಳಿಯಬೇಡ’ ಅನ್ನುತ್ತಾರೆ, ಅಲ್ವಾ? ಸುಮ್ನೆ ಮಲಗಿದ್ದರಿಂದ ಗರ್ಭ ಉಳಿಯುತ್ತದೆ ಅನ್ನುವುದಕ್ಕೆ ಆಧಾರವಿಲ್ಲ. ಗರ್ಭ ನಿಲ್ಲಲಿ ಅಂತ ಕೊಡುವ ಪ್ರೊಜೆಸ್ಟರಾನ್ ಹಾರ್ಮೋನಿನ ಮಾತ್ರೆಯೂ ಎಲ್ಲರಿಗೂ ಬೇಕಿಲ್ಲ. ಹಿಂದೆ ಗರ್ಭ ಹೋದವರಿಗೆ, ಈಗಲೂ ರಕ್ತ ಕಾಣುತ್ತಿದ್ದರೆ, ಅದರಿಂದ ಸ್ವಲ್ಪ ಲಾಭ ಇದೆ.

ಹತ್ತು ದಿನದ ಮೇಲೆ ಅವಳ ಸ್ಕ್ಯಾನಿನಲ್ಲಿ ಭ್ರೂಣ 12 ಮಿಲಿಮೀಟರ್ ಇತ್ತು, ಎದೆ ಬಡಿಯುತ್ತಿತ್ತು. ಕಂದು ಕಲೆ ಇನ್ನೂ ನಾಲ್ಕು ದಿನ ಬಂದು ನಿಂತಿತು.