ಹಿಂಡಿ ಮೂಟೆ ಎಣಿಸಿ ಕೈಬಿಟ್ಟ ಅಂಗಡಿ

2023ರ ಅಕ್ಟೋಬರ್‌ನಲ್ಲಿ ನನಗೆ ಗಾಣದ ಎಣ್ಣೆ ಅಂಗಡಿ ಹಾಕುವ ಹುಚ್ಚು ಹತ್ತಿತ್ತು. ಮೈಸೂರಿನ ಕುವೆಂಪುನಗರದಲ್ಲಿ ಒಂದು ಮಳಿಗೆ ಖಾಲಿ ಇತ್ತು. ಬಾಡಿಗೆ 18,000. ಅಡ್ವಾನ್ಸ್ ಕೊಡೋದಕ್ಕೆ ಮಾಲೀಕರು 15 ದಿನ ಟೈಮ್ ಕೊಟ್ಟರು. ಆ 15 ದಿನ ಸುತ್ತಮುತ್ತಲಿನ ಬೀದಿಗಳನ್ನು ನಡೆದು ನೋಡೋಣ ಅಂತ ಹೊರಟೆ.

ಗಾಡಿ ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ಎಣ್ಣೆ ಕ್ಯಾನ್ ಹಿಡಿದುಕೊಂಡು ಜನ ಎಷ್ಟು ದೂರ ನಡೀತಾರೆ? ಹೆಚ್ಚೆಂದರೆ 15 ನಿಮಿಷ. ಹಾಗಾಗಿ ಮಳಿಗೆಯಿಂದ ನಾಲ್ಕೂ ಕಡೆ 15 ನಿಮಿಷ ನಡೆದು, ಕಾಲು ಎಲ್ಲಿಗೆ ಮುಟ್ಟುತ್ತೋ ಅಲ್ಲಿಗೆ ಗಡಿ ಹಾಕಿಕೊಂಡೆ. ಆ ಗಡಿಯೊಳಗೆ ಗಾಣದ ಅಂಗಡಿ ಎರಡು. ಗಾಣ ಇಲ್ಲದೆ ಬರೀ 'ಗಾಣದ ಎಣ್ಣೆ' ಅಂತ ಬೋರ್ಡ್ ಹಾಕಿದ್ದ ಅಂಗಡಿ ಒಂದು.

ಮೊದಲನೇ ದಿನವೇ ಎಡವಟ್ಟಾಯಿತು. ನೋಟ್‌ಬುಕ್, ಪೆನ್ನು ಹಿಡಿದು ಹೋಗಿ, ಬೋರ್ಡ್ ನೋಡುತ್ತಾ ರೇಟು ಬರೆದುಕೊಳ್ಳುತ್ತಿದ್ದೆ. "ಸಾರ್, ಯಾವ ಆಫೀಸಿಂದ ಬಂದಿದ್ದೀರಾ?" ಅಂತ ಅಂಗಡಿಯವರು ಕೇಳಿದರು. ಅವರ ಮುಖ ನೋಡಿದರೆ ಇನ್ನು ನನಗೆ ಒಂದು ಮಾತೂ ಸಿಗಲ್ಲ ಅಂತ ಗೊತ್ತಾಯಿತು. ಮಾರನೇ ದಿನದಿಂದ ನೋಟ್‌ಬುಕ್ ಮನೆಯಲ್ಲೇ. ಎಲ್ಲ ಕಡೆ 'ಅರ್ಧ ಕೊಡಿ' ಅಂತ ಕೇಳಿ ಎಣ್ಣೆ ಕೊಂಡೆ, ಮುಂದಿನ ತಿರುವಿನಲ್ಲಿ ನಿಂತು ಫೋನಿಗೆ ಬರೆದುಕೊಂಡೆ. ದುಡ್ಡು ಕೊಟ್ಟು ತಗೊಂಡವನಿಗೆ ಸಿಗುವ ಮಾತೇ ಬೇರೆ. "ಕ್ಯಾನ್ ನೀವೇ ತಂದ್ರೆ ಹತ್ತು ರೂಪಾಯಿ ಕಮ್ಮಿ" ಅನ್ನೋದು ಯಾವ ಬೋರ್ಡಿನಲ್ಲೂ ಇರಲಿಲ್ಲ.

ರೇಟಿನಲ್ಲೂ ಒಂದು ಸಲ ಮೋಸಹೋದೆ. ಮೊದಲನೇ ಅಂಗಡಿಯಲ್ಲಿ ಕಡಲೆಕಾಯಿ ಎಣ್ಣೆ 320 ರೂಪಾಯಿ, ಎರಡನೆಯದರಲ್ಲಿ 340. ಎರಡನೆಯವರು ಜಾಸ್ತಿ ತಗೋತಾರೆ ಅಂತ ಬರೆದುಕೊಂಡೆ. ಮನೆಗೆ ಬಂದು ಎರಡೂ ಬಾಟಲಿ ಅಕ್ಕಪಕ್ಕ ಇಟ್ಟರೆ ಎಣ್ಣೆಯ ಮಟ್ಟ ಒಂದೇ ಇಲ್ಲ. ಮೊದಲನೆಯವರು ಲೀಟರ್ ಲೆಕ್ಕದಲ್ಲಿ ಅಳೆದು ಕೊಡುತ್ತಿದ್ದರು, ಎರಡನೆಯವರು ಕೆಜಿ ಲೆಕ್ಕದಲ್ಲಿ ತೂಗಿ ಕೊಡುತ್ತಿದ್ದರು. ಒಂದು ಲೀಟರ್ ಕಡಲೆಕಾಯಿ ಎಣ್ಣೆ ತೂಗಿದರೆ ಸುಮಾರು 910 ಗ್ರಾಂ ಬರುತ್ತೆ. ಅಂದರೆ ಕೆಜಿಗೆ 340 ಅನ್ನೋದು ಲೀಟರ್‌ಗೆ 310 ಆಯಿತು. ಜಾಸ್ತಿ ಅಂದುಕೊಂಡವರೇ ಕಮ್ಮಿಗೆ ಮಾರುತ್ತಿದ್ದರು! ಅವತ್ತಿನಿಂದ ಎಲ್ಲವನ್ನೂ ಲೀಟರ್‌ಗೆ ತಂದೇ ಬರೆದೆ.

ಮೂರನೆಯ ಅಂಗಡಿ, ಅದೇ ಗಾಣ ಇಲ್ಲದ್ದು, ಲೀಟರ್‌ಗೆ 240. ಇದನ್ನು ನೋಡಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಆಮೇಲೆ ಬಂಡೀಪಾಳ್ಯದ ಎಪಿಎಂಸಿಗೆ ಹೋಗಿ ಬೀಜದ ರೇಟು ಕೇಳಿ ಬಂದೆ. ನನಗೆ ಬೇಕಾದ ಬೀಜ ಕೆಜಿಗೆ 116. ಮರದ ಗಾಣದಲ್ಲಿ ಒಂದು ಲೀಟರ್ ಎಣ್ಣೆಗೆ ಸುಮಾರು ಎರಡೂವರೆ ಕೆಜಿ ಬೀಜ ಬೇಕು. ಅಲ್ಲಿಗೆ 290 ರೂಪಾಯಿ. ಉಳಿಯುವ ಒಂದೂವರೆ ಕೆಜಿ ಹಿಂಡಿಯನ್ನು ಹಸು ಸಾಕುವವರು ಕೆಜಿಗೆ 40ರಂತೆ ತಗೋತಾರೆ, 60 ವಾಪಸ್. ಬೀಜದ ಖರ್ಚೇ 230 ಬಿತ್ತು. ಬಾಟಲಿ, ಕರೆಂಟು ಸೇರಿಸಿದರೆ 250. ಹಾಗಾದರೆ 240ಕ್ಕೆ ಮಾರೋದು ಹೇಗೆ? ಬೀಜ ಬೇರೆ ದರ್ಜೆಯದಿರಬೇಕು, ಇಲ್ಲವೇ ಎಣ್ಣೆ ಬೇರೆ ರೀತಿಯದಿರಬೇಕು. ಅದೇನು ಅಂತ ನಾನು ಕೆದಕಲು ಹೋಗಲಿಲ್ಲ. ಆ ರೇಟಿನ ಜೊತೆ ಪೈಪೋಟಿಗೆ ಇಳಿಯೋದು ಬೇಡ ಅನ್ನುವಷ್ಟು ಗೊತ್ತಾಯಿತು, ಸಾಕು.

ಈಗ ನನ್ನ ಲೆಕ್ಕ. 320ಕ್ಕೆ ಮಾರಿದರೆ ಲೀಟರ್‌ಗೆ 70 ಉಳಿಯುತ್ತೆ. ಬಾಡಿಗೆ, ಒಬ್ಬ ಹುಡುಗನ ಸಂಬಳ, ಸಾಲದ ಕಂತು ಸೇರಿ ತಿಂಗಳಿಗೆ 42,000. ಅಂದರೆ ತಿಂಗಳಿಗೆ 600 ಲೀಟರ್, ದಿನಕ್ಕೆ 20 ಲೀಟರ್ ಹೋಗಲೇಬೇಕು. ಅದೂ ನನ್ನ ಜೇಬಿಗೆ ಒಂದು ರೂಪಾಯಿ ಬರುವ ಮೊದಲು.

ಅಲ್ಲಿ 20 ಲೀಟರ್ ಹೋಗುತ್ತಾ? ಮೊದಲನೇ ಅಂಗಡಿಯ ಎದುರಿನ ಟೀ ಅಂಗಡಿಯಲ್ಲಿ ಶನಿವಾರ ಸಂಜೆ ಆರರಿಂದ ಏಳರವರೆಗೆ ಕೂತೆ. 14 ಜನ ಬಂದರು. ಒಂಬತ್ತು ಜನರ ಕೈಯಲ್ಲಿ ಮನೆಯ ಸ್ಟೀಲ್ ಕ್ಯಾನ್ ಇತ್ತು, ಅಂದರೆ ಖಾಯಂ ಗಿರಾಕಿಗಳು. ಗಂಟೆಗೆ 14 ಅಂತ ಗುಣಿಸಿ ಖುಷಿಯಿಂದ ಮನೆಗೆ ಬಂದೆ. ಮಂಗಳವಾರ ಬೆಳಿಗ್ಗೆ ಹನ್ನೊಂದಕ್ಕೆ ಅದೇ ಜಾಗದಲ್ಲಿ ಒಂದು ಗಂಟೆ ಕೂತರೆ ಬಂದವರು ಇಬ್ಬರು. ಯಾವುದನ್ನು ನಂಬೋದು?

ಉತ್ತರ ಸಿಕ್ಕಿದ್ದು ಅಂಗಡಿಯ ಹಿಂಬಾಗಿಲಲ್ಲಿ. ಶುಕ್ರವಾರ ಬೆಳಿಗ್ಗೆ ಆ ದಾರಿಯಲ್ಲಿ ಬರುವಾಗ ಒಬ್ಬರು ಲಗೇಜ್ ಆಟೋಗೆ ಹಿಂಡಿ ಮೂಟೆ ಹೇರುತ್ತಿದ್ದರು. ಕೈ ಕೊಡುವ ನೆಪದಲ್ಲಿ ಮಾತಿಗೆ ನಿಂತೆ.

"ದಿನಾ ಬರ್ತೀರಾ ಅಣ್ಣ?"

"ಇಲ್ಲ ಸ್ವಾಮಿ, ವಾರಕ್ಕೊಂದ್ಸಲ. ಐದು ಮೂಟೆ ಆಗುತ್ತೆ. ಎಲ್ಲ ನಾನೇ ತಗೋತೀನಿ."

ಮೂಟೆ 50 ಕೆಜಿ. ಐದು ಮೂಟೆ ಅಂದರೆ 250 ಕೆಜಿ ಹಿಂಡಿ. ಲೀಟರ್‌ಗೆ ಒಂದೂವರೆ ಕೆಜಿಯಂತೆ ಭಾಗಿಸಿದರೆ ವಾರಕ್ಕೆ ಸುಮಾರು 165 ಲೀಟರ್, ದಿನಕ್ಕೆ 24. ಎಳ್ಳು, ಕೊಬ್ಬರಿ ಆಡಿಸಿದರೆ ಲೆಕ್ಕ ಸ್ವಲ್ಪ ಹೆಚ್ಚುಕಮ್ಮಿ ಆಗುತ್ತೆ, ಆದರೂ ಗಿರಾಕಿ ಎಣಿಸಿದ್ದಕ್ಕಿಂತ ಇದು ಗಟ್ಟಿ. ಎರಡನೇ ಅಂಗಡಿಯ ಹಿಂಡಿ ವಾರಕ್ಕೆ ಎರಡೇ ಮೂಟೆ ಅಂತ ಪಕ್ಕದ ಟೈಲರ್ ಹೇಳಿದರು. ಅಲ್ಲಿಗೆ ದಿನಕ್ಕೆ ಒಂಬತ್ತೋ ಹತ್ತೋ ಲೀಟರ್.

ಎರಡೂ ಸೇರಿ 34 ಲೀಟರ್. ಅದರಲ್ಲಿ ನನಗೇ 20 ಬೇಕು! ಅಷ್ಟು ಗಿರಾಕಿಗಳನ್ನು ಅವರಿಂದ ಕೀಳಬೇಕು, ಇಲ್ಲಾಂದ್ರೆ ದಿನಸಿ ಅಂಗಡಿಯ ಪ್ಯಾಕೆಟ್ ಎಣ್ಣೆ ತಗೊಳ್ಳುವವರನ್ನು ಒಲಿಸಬೇಕು. ಆ ಪ್ಯಾಕೆಟ್ಟುಗಳು ನೂರೈವತ್ತರ ಆಸುಪಾಸು. ಅದರ ಎರಡರಷ್ಟು ಬೆಲೆಗೆ ಜನ ಒಂದೆರಡು ತಿಂಗಳಲ್ಲಿ ಬದಲಾಗಲ್ಲ, ನನ್ನ ಸಾಲದ ಕಂತು ಅಲ್ಲಿವರೆಗೆ ಕಾಯಲ್ಲ.

ಒಂದು ಆಸೆ ಮಾತ್ರ ಬಿಡಲಿಲ್ಲ. ಮೊದಲನೇ ಅಂಗಡಿಯಲ್ಲಿ ಎಣ್ಣೆಗೆ ಕಾಯುವಾಗ ಧಾರವಾಡದ ಕಡೆಯ ಅಮ್ಮ ಒಬ್ಬರು "ಕುಸುಬಿ ಎಣ್ಣಿ ಐತೇನ್ರೀ?" ಅಂತ ಕೇಳಿದ್ದರು. ಇಲ್ಲ ಅಂದಾಗ ಸುಮ್ನೆ ವಾಪಸ್ ಹೋದರು. ಯಾರೂ ಮಾರದ ಸಾಮಾನು, ನಾನೇ ಮಾರಬಹುದಲ್ವಾ ಅನ್ನಿಸಿತು. ಆದರೆ ಯಾರೂ ಇಟ್ಟಿಲ್ಲ ಅಂದರೆ ಕೇಳುವವರು ಕಮ್ಮಿ ಅಂತಲೂ ಇರಬಹುದು. ಎರಡು ವಾರ ಕಿವಿ ಕೊಟ್ಟು ಕೇಳಿದೆ. ಕುಸುಬೆ ಕೇಳಿದವರು ಒಟ್ಟು ಮೂರು ಜನ. ಮೂರು ಜನರನ್ನು ನಂಬಿ ಅಂಗಡಿ ಹಾಕಕ್ಕಾಗಲ್ಲ.

ಇನ್ನೊಂದು ವಿಷಯ ಸಿಕ್ಕಿದ್ದು ಮುಚ್ಚಿದ ಶಟರ್‌ನಿಂದ. ಗಡಿಯ ಅಂಚಿನಲ್ಲಿ 'ಶುದ್ಧ ಗಾಣದ ಎಣ್ಣೆ' ಅಂತ ಮಾಸಿದ ಬೋರ್ಡ್ ಇತ್ತು, ಕೆಳಗೆ ಬೀಗ. ವ್ಯಾಪಾರ ಆಗದೆ ಮುಚ್ಚಿರಬೇಕು ಅಂದುಕೊಂಡೆ. ಪಕ್ಕದ ಕಟಿಂಗ್ ಶಾಪಿನವರು ನಕ್ಕರು. "ವ್ಯಾಪಾರ ಚೆನ್ನಾಗೇ ಇತ್ತು ಸಾರ್. ಮೇಲಿನ ಮನೆಯವರು ಸದ್ದು ತಡೀಲಾರದೆ ದಿನಾ ಜಗಳ. ಮಾಲೀಕರು ಖಾಲಿ ಮಾಡಿಸಿಬಿಟ್ರು." ನಾನು ನೋಡಿದ್ದ ಮಳಿಗೆಯ ಮೇಲೂ ಒಂದು ಮನೆ ಇತ್ತು. ಬಾಲ್ಕನಿಯಲ್ಲಿ ತೊಟ್ಟಿಲು ಕೂಡ ಕಂಡಿದ್ದೆ.

14ನೇ ದಿನ ಮಾಲೀಕರಿಗೆ ಫೋನ್ ಮಾಡಿ ಬೇಡ ಅಂದೆ. ಈ ಸುತ್ತಾಟಕ್ಕೆ ಆದ ಖರ್ಚು ಎಣ್ಣೆ, ಟೀ ಎಲ್ಲ ಸೇರಿ ಎರಡು ಸಾವಿರದೊಳಗೆ. ಕೊಂಡ ಎಣ್ಣೆ ಮನೆಯಲ್ಲಿ ಸಂಕ್ರಾಂತಿವರೆಗೂ ಬಂತು. ಆಮೇಲೆ ರಿಂಗ್ ರೋಡ್ ಆಚೆಗಿನ ಒಂದು ಬಡಾವಣೆಯಲ್ಲಿ ಮತ್ತೆ 15 ನಿಮಿಷದ ಗಡಿ ಹಾಕಿಕೊಂಡು ನಡೆಯಲು ಶುರು ಮಾಡಿದೆ. ಅಲ್ಲಿ ಮೊದಲ ದಿನ ನೋಡಿದ್ದು ರೇಟಿನ ಬೋರ್ಡನ್ನಲ್ಲ, ಮಳಿಗೆಯ ಮೇಲೆ ಮನೆ ಇದೆಯಾ ಅಂತ.