ಬಾಗಿಲು, ಕಿಟಕಿ ಕಳೆದ ಮೇಲೆ ಗೋಡೆಗೆ ಎಷ್ಟು ಬ್ಲಾಕ್ ಬೇಕು?

ಗೋಡೆಯ ಉದ್ದವನ್ನು ಎತ್ತರದಿಂದ ಗುಣಿಸಿ, ಬಾಗಿಲು ಕಿಟಕಿಯ ಜಾಗ ಕಳೆದು, ಉಳಿದದ್ದನ್ನು ಒಂದು ಬ್ಲಾಕಿನ ಅಳತೆಯಿಂದ ಭಾಗಿಸಿದರೆ ಲೆಕ್ಕ ಮುಗಿಯಿತು ಎಂದು ಹೆಚ್ಚಿನವರು ಅಂದುಕೊಳ್ಳುತ್ತಾರೆ. ಅದರಲ್ಲಿ ತಪ್ಪೇನೂ ಇಲ್ಲ, ಆದರೆ ಅದು ಅರ್ಧ ಲೆಕ್ಕ ಮಾತ್ರ. ಬಾಗಿಲು ಕಿಟಕಿ ಬಂದಲ್ಲಿ ಬ್ಲಾಕ್ ಉಳಿಯುತ್ತದೆ ನಿಜ. ಅದೇ ಜಾಗದ ಅಂಚಿನಲ್ಲಿ ಬ್ಲಾಕನ್ನು ತುಂಡು ಮಾಡಬೇಕಾಗುತ್ತದೆ ಎನ್ನುವುದೂ ಅಷ್ಟೇ ನಿಜ. ಈ ಎರಡನ್ನೂ ಹಿಡಿದರೆ ಮಾತ್ರ ತರಿಸಬೇಕಾದ ಸಂಖ್ಯೆ ಸರಿಯಾಗಿ ಸಿಗುತ್ತದೆ.

ಒಂದೇ ಗೋಡೆಯನ್ನು ಇಟ್ಟುಕೊಂಡು ನೋಡೋಣ. ಎರಡು ಪಿಲ್ಲರ್‌ಗಳ ನಡುವಿನ ಗೋಡೆ, ಉದ್ದ 6 ಮೀಟರ್, ಎತ್ತರ 3 ಮೀಟರ್. ಅದರಲ್ಲಿ ಒಂದು ಬಾಗಿಲು, ಒಂದು ಕಿಟಕಿ. ಬಳಸುವುದು ಸಿಮೆಂಟ್ ಬ್ಲಾಕ್, ಮುಂದಿನ ಮುಖ 390 ಮಿ.ಮೀ. ಉದ್ದ, 190 ಮಿ.ಮೀ. ಎತ್ತರ.

ಮೊದಲ ಕೆಲಸ, ಬ್ಲಾಕಿಗೆ ಗಾರೆಯ ಸಂದನ್ನೂ ಸೇರಿಸುವುದು. ಸಂದು 10 ಮಿ.ಮೀ. ಇದ್ದರೆ ಗೋಡೆಯಲ್ಲಿ ಒಂದು ಬ್ಲಾಕ್ 400 × 200 ಮಿ.ಮೀ. ಜಾಗ ಹಿಡಿಯುತ್ತದೆ. ಅಂದರೆ 0.08 ಚದರ ಮೀಟರ್. ಹಾಗಾಗಿ ಒಂದು ಚದರ ಮೀಟರ್‌ಗೆ 12.5 ಬ್ಲಾಕ್. ಸಂದನ್ನು ಮರೆತು ಬರೀ ಬ್ಲಾಕಿನ ಅಳತೆಯಿಂದ ಭಾಗಿಸಿದರೆ ಸಂಖ್ಯೆ ಸುಮ್ನೆ ಜಾಸ್ತಿ ಬರುತ್ತದೆ. ಬಾಗಿಲೇ ಇಲ್ಲದಿದ್ದರೆ ನಮ್ಮ ಗೋಡೆ 18 ಚದರ ಮೀಟರ್, ಬೇಕಾದ ಬ್ಲಾಕ್ 225. ಒಂದು ವರಸೆಗೆ 15 ಬ್ಲಾಕ್, ಒಟ್ಟು 15 ವರಸೆ.

ಈಗ ಕಳೆಯುವ ಸರದಿ. ಇಲ್ಲಿ ಎಲ್ಲರೂ ಎಡವುವುದು ಯಾವ ಅಳತೆ ಕಳೆಯಬೇಕು ಎನ್ನುವಲ್ಲಿ. ಬಾಗಿಲಿನ ಹಲಗೆ 90 ಸೆಂ.ಮೀ. ಅಗಲ ಇರಬಹುದು. ಆದರೆ ಗೋಡೆಯಲ್ಲಿ ಬಿಡುವುದು ಹಲಗೆಯ ಜಾಗವನ್ನಲ್ಲ, ಚೌಕಟ್ಟು ಕೂರುವ ಜಾಗವನ್ನು. ಎರಡೂ ಬದಿಯ ಚೌಕಟ್ಟು ಸೇರಿ ನಮ್ಮ ಬಾಗಿಲಿಗೆ 1 ಮೀಟರ್ ಬಿಡಬೇಕು. ಎತ್ತರವನ್ನೂ ಗೋಡೆಯ ಮೊದಲ ವರಸೆ ಶುರುವಾಗುವ ಮಟ್ಟದಿಂದಲೇ ಹಿಡಿಯಿರಿ. ಆಮೇಲೆ ಹಾಕುವ ನೆಲದ ದಪ್ಪವೂ ಅದರೊಳಗೇ ಬರುತ್ತದೆ. ನಮ್ಮ ಬಾಗಿಲಿಗೆ ಅದು 2.2 ಮೀಟರ್. ಅಲ್ಲಿಗೆ ಬಾಗಿಲಿನ ಜಾಗ 2.2 ಚದರ ಮೀಟರ್, ಅಂದರೆ 27.5 ಬ್ಲಾಕ್.

ಕಿಟಕಿಗೆ ಬಿಟ್ಟ ಜಾಗ 1.2 × 1.2 ಮೀಟರ್. ಅದು 1.44 ಚದರ ಮೀಟರ್, 18 ಬ್ಲಾಕ್. ಕೆಳಗಿನ ಅಂಚು 1 ಮೀಟರ್ ಎತ್ತರದಲ್ಲಿದೆ, ಮೇಲಿನ ಅಂಚು ಬಾಗಿಲಿನ ಮಟ್ಟಕ್ಕೇ ಬರುತ್ತದೆ.

ಬಾಗಿಲು ಕಿಟಕಿಯ ಮೇಲೆ ಅಡ್ಡಲಾಗಿ ಕೂರುವ ತೊಲೆ, ಅಂದರೆ ಲಿಂಟಲ್, ಮರೆಯಬೇಡಿ. ಅದು ಕಾಂಕ್ರೀಟ್, ಅಲ್ಲಿ ಬ್ಲಾಕ್ ಇರುವುದಿಲ್ಲ. ಲಿಂಟಲ್ ಖಾಲಿ ಜಾಗದಷ್ಟೇ ಉದ್ದ ಇರುವುದಿಲ್ಲ, ಎರಡೂ ಕಡೆ ಗೋಡೆಯ ಮೇಲೆ ಕೂರುತ್ತದೆ. ಪ್ರತಿ ಬದಿಗೆ 20 ಸೆಂ.ಮೀ. ಎಂದು ಹಿಡಿದರೆ ಬಾಗಿಲಿನದು 1.4 ಮೀಟರ್, ಕಿಟಕಿಯದು 1.6 ಮೀಟರ್. ಎರಡೂ 20 ಸೆಂ.ಮೀ. ದಪ್ಪ. ಸೇರಿಸಿದರೆ 0.6 ಚದರ ಮೀಟರ್, 7.5 ಬ್ಲಾಕ್.

ಕಳೆಯಬೇಕಾದದ್ದು ಒಟ್ಟು 53. ಹಾಗಾಗಿ 225ರಲ್ಲಿ ಉಳಿಯುವುದು 172 ಬ್ಲಾಕ್. ಪೈಪ್ ಹೋಗುವ ತೂತು, ಸ್ವಿಚ್ ಡಬ್ಬಿಯಂಥ ಸಣ್ಣ ಜಾಗಗಳನ್ನು ಕಳೆಯಲು ಹೋಗಬೇಡಿ. ಅಲ್ಲಿ ಇಡೀ ಬ್ಲಾಕ್ ಇಟ್ಟೇ ಕೊರೆಯುತ್ತಾರೆ.

ಈ 172 ಸರಿಯೇ ಎಂದು ನೋಡಲು ವರಸೆಗಳನ್ನು ಎಣಿಸಿ. ಮೊದಲ 5 ವರಸೆಯಲ್ಲಿ ಬಾಗಿಲು ಮಾತ್ರ ಇದೆ. ವರಸೆಗೆ 12.5ರಂತೆ 62.5. ಮುಂದಿನ 6 ವರಸೆಯಲ್ಲಿ ಬಾಗಿಲು, ಕಿಟಕಿ ಎರಡೂ ಇವೆ. ವರಸೆಗೆ 9.5ರಂತೆ 57. ಲಿಂಟಲ್ ಮಟ್ಟದ 12ನೇ ವರಸೆಗೆ 7.5. ಮೇಲಿನ 3 ಪೂರ್ತಿ ವರಸೆಗೆ 45. ಕೂಡಿಸಿದರೆ 172. ಎರಡು ದಾರಿಯ ಉತ್ತರ ತಾಳೆಯಾಗದಿದ್ದರೆ ಎಲ್ಲೋ ಒಂದು ಜಾಗ ಬಿಟ್ಟುಹೋಗಿದೆ ಅಥವಾ ಎರಡು ಸಲ ಕಳೆದುಹೋಗಿದೆ ಎಂದರ್ಥ.

ವರಸೆ ಎಣಿಸುವುದರಿಂದ ಇನ್ನೊಂದು ವಿಷಯ ಕಣ್ಣಿಗೆ ಬೀಳುತ್ತದೆ. ಲೆಕ್ಕದಲ್ಲಿ ಬಂದ ಆ ಅರ್ಧಗಳು ಗೋಡೆಯಲ್ಲಿ ನಿಜವಾದ ಅರ್ಧ ಬ್ಲಾಕುಗಳು! ಒಂದು ವರಸೆಯ ಸಂದು ಕೆಳಗಿನ ವರಸೆಯ ಸಂದಿನ ನೇರಕ್ಕೆ ಬರಬಾರದು. ಅದಕ್ಕೇ ಒಂದು ಬಿಟ್ಟು ಒಂದು ವರಸೆಯ ಕೊನೆಯಲ್ಲಿ ಅರ್ಧ ಬ್ಲಾಕ್ ಇಡುತ್ತಾರೆ. ಬಾಗಿಲು ಕಿಟಕಿಯ ಪಕ್ಕವೂ ಗೋಡೆಗೆ ಒಂದು ಕೊನೆಯೇ ಅಲ್ವಾ?

ನಮ್ಮ ಗೋಡೆಯಲ್ಲಿ ಎಡ ಪಿಲ್ಲರ್‌ನಿಂದ 1 ಮೀಟರ್ ಬಿಟ್ಟು ಬಾಗಿಲು, 3.6 ಮೀಟರ್ ಬಿಟ್ಟು ಕಿಟಕಿ ಇದೆ ಎಂದುಕೊಳ್ಳಿ. ಒಂದು ಚೌಕುಳಿ ಹಾಳೆಯ ಮೇಲೆ ವರಸೆ ವರಸೆಯಾಗಿ ಬರೆದು ಎಣಿಸಿದರೆ 32 ಅರ್ಧ ಬ್ಲಾಕ್ ಬೇಕಾಗುತ್ತದೆ. ಬಾಗಿಲು ಕಿಟಕಿ ಇಲ್ಲದ ಇದೇ ಗೋಡೆಗೆ ಎರಡು ತುದಿಯಲ್ಲಿ ಸೇರಿ 14 ಸಾಕಾಗುತ್ತಿತ್ತು.

ಗರಗಸದ ಯಂತ್ರದಲ್ಲಿ ಕತ್ತರಿಸಿದರೆ ಒಂದು ಬ್ಲಾಕಿನಿಂದ ಎರಡು ಅರ್ಧ ಸಿಗುತ್ತವೆ. 32 ಅರ್ಧಕ್ಕೆ 16 ಬ್ಲಾಕ್ ಸಾಕು, ಅವು 172ರೊಳಗೇ ಇವೆ. ಸುತ್ತಿಗೆಯಲ್ಲಿ ಒಡೆದರೆ ಹಾಗಲ್ಲ. ಎಷ್ಟೋ ಸಲ ಒಂದು ಅರ್ಧ ನೆಟ್ಟಗೆ ಬರುತ್ತದೆ, ಇನ್ನೊಂದು ಚೂರಾಗುತ್ತದೆ. ಪ್ರತಿ ಸಲವೂ ಹಾಗೇ ಆದರೆ 32 ಅರ್ಧಕ್ಕೆ 32 ಬ್ಲಾಕ್ ಹೋಗುತ್ತದೆ. ಆಗ ಒಟ್ಟು 188. ಹಾಗಾಗಿ ತರಿಸುವ ಮುಂಚೆ ಮೇಸ್ತ್ರಿಯನ್ನು ಕೇಳಬೇಕಾದ ಪ್ರಶ್ನೆ ಇದು: ಕತ್ತರಿಸುವುದು ಯಂತ್ರದಲ್ಲೋ, ಸುತ್ತಿಗೆಯಲ್ಲೋ? ಅಚ್ಚಿನಲ್ಲೇ ಮಾಡಿದ ಅರ್ಧ ಬ್ಲಾಕ್ ಸಿಗುವುದಾದರೆ 156 ಪೂರ್ತಿ, 32 ಅರ್ಧ ಎಂದು ಬೇರೆ ಬೇರೆ ಬರೆದುಕೊಡಿ. ನನ್ನ ಮಟ್ಟಿಗೆ ಅದೇ ಒಳ್ಳೆಯದು, ಬಾಗಿಲಿನ ಅಂಚೂ ನೇರವಾಗಿ ಬರುತ್ತದೆ.

ಇಷ್ಟು ಸಲೀಸಾಗಿ ಲೆಕ್ಕ ಕೂಡಿದ್ದಕ್ಕೆ ಕಾರಣ, ನಮ್ಮ ಅಳತೆಗಳೆಲ್ಲ 20 ಸೆಂ.ಮೀ.ನ ಗುಣಕಗಳು. ಬಾಗಿಲಿನ ಜಾಗವನ್ನು ಬಲಕ್ಕೆ 10 ಸೆಂ.ಮೀ. ಹೆಚ್ಚಿಸಿ ನೋಡಿ. ಕಾಗದದ ಮೇಲೆ ಸುಮಾರು 3 ಬ್ಲಾಕ್ ಕಡಿಮೆಯಾಗುತ್ತದೆ. ಗೋಡೆಯಲ್ಲಿ ಆಗುವುದೇ ಬೇರೆ. ಆ ಬದಿಯಲ್ಲಿ ಒಂದು ವರಸೆಗೆ ಮುಕ್ಕಾಲು ತುಂಡು ಬೇಕು, ಮುಂದಿನ ವರಸೆಗೆ ಬರೀ 10 ಸೆಂ.ಮೀ.ನ ಚೂರು. ಚೌಕಟ್ಟಿನ ಪಕ್ಕ ಅಂಥ ಚೂರು ಗಟ್ಟಿಯಾಗಿ ನಿಲ್ಲುವುದಿಲ್ಲ. ಮೇಸ್ತ್ರಿ ಅದನ್ನು ತಪ್ಪಿಸಲು ಬೇರೆ ಕಡೆ ಇನ್ನಷ್ಟು ಕತ್ತರಿಸುತ್ತಾರೆ. ಸಾಧ್ಯವಿದ್ದರೆ ನಕ್ಷೆಯ ಹಂತದಲ್ಲೇ ಬಾಗಿಲು ಕಿಟಕಿಯ ಅಗಲ, ಜಾಗ ಎರಡನ್ನೂ ಅರ್ಧ ಬ್ಲಾಕಿನ ಲೆಕ್ಕಕ್ಕೆ ಹೊಂದಿಸಿಕೊಳ್ಳಿ.

ಸಾಗಿಸುವಾಗ ಒಡೆಯುವ ಬ್ಲಾಕಿಗೆಂದು ನೂರಕ್ಕೆ 3ರಿಂದ 5 ಸೇರಿಸುವುದು ರೂಢಿ. ಯಂತ್ರದಲ್ಲಿ ಕತ್ತರಿಸುವುದಾದರೆ ನಮ್ಮ ಗೋಡೆಗೆ 180 ತರಿಸಿದರೆ ಸಾಕು. ಸುತ್ತಿಗೆಯಾದರೆ 195 ಇರಲಿ.

ಪಿಲ್ಲರ್ ಇಲ್ಲದೆ ಗೋಡೆಗಳೇ ಮೂಲೆಯಲ್ಲಿ ಸೇರುವ ಕೋಣೆಯಾದರೆ ನಾಲ್ಕೂ ಗೋಡೆಯ ಹೊರ ಅಳತೆ ಕೂಡಿಸಬೇಡಿ, ಮೂಲೆಗಳು ಎರಡು ಸಲ ಲೆಕ್ಕಕ್ಕೆ ಬರುತ್ತವೆ. ಗೋಡೆಯ ದಪ್ಪದ ನಡುವಿನ ಗೆರೆ ಹಿಡಿದು ಅಳೆಯಿರಿ.

ಬ್ಲಾಕ್ ಬದಲು ಇಟ್ಟಿಗೆಯಾದರೂ ಕಳೆಯುವ ಕ್ರಮ ಇದೇ. 190 × 90 × 90 ಮಿ.ಮೀ. ಇಟ್ಟಿಗೆಯನ್ನು ಉದ್ದುದ್ದ ಇಟ್ಟು 9 ಸೆಂ.ಮೀ. ದಪ್ಪದ ಗೋಡೆ ಕಟ್ಟಿದರೆ ಚದರ ಮೀಟರ್‌ಗೆ 50 ಹಿಡಿಯುತ್ತದೆ, ಅದರ ಎರಡರಷ್ಟು ದಪ್ಪದ ಗೋಡೆಗೆ 100. ನಮ್ಮ ಗೋಡೆಯಲ್ಲಿ ಉಳಿದ 13.76 ಚದರ ಮೀಟರ್‌ಗೆ 688 ಅಥವಾ 1,376. ಇಟ್ಟಿಗೆ ಚಿಕ್ಕದು, ಹಾಗಾಗಿ ಒಂದು ತುಂಡು ಹಾಳಾದರೆ ಆಗುವ ನಷ್ಟವೂ ಚಿಕ್ಕದು.